ಇಥಿಯೋಪಿಯದಲ್ಲಿ ಇನ್ನೂ 2018 ಯಾಕೆ? ಅದಕ್ಕೆ ಹದಿಮೂರನೇ ತಿಂಗಳು ಕಾರಣ ಅಲ್ಲ

ವಾಟ್ಸಾಪ್‌ನಲ್ಲಿ, ರೀಲ್ಸ್‌ನಲ್ಲಿ ಒಂದು ಮಾತು ಆಗಾಗ ಓಡಾಡುತ್ತಿರುತ್ತದೆ. "ಇಥಿಯೋಪಿಯದಲ್ಲಿ ವರ್ಷಕ್ಕೆ 13 ತಿಂಗಳು. ಅದಕ್ಕೇ ಆ ದೇಶ ಜಗತ್ತಿಗಿಂತ ಏಳು ವರ್ಷ ಹಿಂದೆ ಉಳಿದಿದೆ. ಅಲ್ಲಿಗೆ ಹೋದರೆ ನಿಮ್ಮ ವಯಸ್ಸು ಏಳು ವರ್ಷ ಕಮ್ಮಿಯಾಗುತ್ತದೆ!" ನಮ್ಮ 2025ರ ಸೆಪ್ಟೆಂಬರ್ 11ರಂದು ಅಲ್ಲಿ 2018ನೇ ಇಸವಿ ಶುರುವಾದಾಗಲೂ ಇದೇ ಮಾತು ಸುತ್ತಾಡಿತು.

ಇದರಲ್ಲಿ ಹದಿಮೂರು ತಿಂಗಳು ಅನ್ನುವುದು ನಿಜ. ಇಸವಿಯ ಸಂಖ್ಯೆ ಬೇರೆ ಅನ್ನುವುದೂ ನಿಜ. ತಪ್ಪಿರುವುದು ನಡುವಿನ "ಅದಕ್ಕೇ" ಅನ್ನುವ ಪದದಲ್ಲಿ. ತಿಂಗಳುಗಳನ್ನು ಹೇಗೆ ಹಂಚಿದ್ದಾರೆ ಅನ್ನುವುದು ಒಂದು ವಿಷಯ, ವರ್ಷಗಳನ್ನು ಎಲ್ಲಿಂದ ಎಣಿಸುತ್ತಾರೆ ಅನ್ನುವುದು ಇನ್ನೊಂದು. ಎರಡಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ನೋಡೋಣ.

## ವರ್ಷ ಉದ್ದ ಆಗುವುದಿಲ್ಲ

ಇಥಿಯೋಪಿಯದ ಕ್ಯಾಲೆಂಡರಿನಲ್ಲಿ ಹನ್ನೆರಡು ತಿಂಗಳಿಗೂ ಸಮನಾಗಿ 30 ದಿನ. ಅಲ್ಲಿ 28ರ ಫೆಬ್ರವರಿ ಇಲ್ಲ, 31ರ ಜುಲೈ ಇಲ್ಲ, ಮುಷ್ಟಿ ಹಿಡಿದು ಗೆಣ್ಣು ಎಣಿಸುವ ಕೆಲಸವೂ ಇಲ್ಲ. ಮೊದಲ ತಿಂಗಳು ಮೆಸ್ಕೆರೆಮ್, ಹನ್ನೆರಡನೆಯದು ನೆಹಾಸೆ. ಹನ್ನೆರಡು ಮೂವತ್ತಲ ಮುನ್ನೂರ ಅರವತ್ತು. ಭೂಮಿ ಸೂರ್ಯನ ಸುತ್ತ ಒಂದು ಸುತ್ತು ಹಾಕಲು ಸುಮಾರು 365 ಕಾಲು ದಿನ ಬೇಕು. ಮಿಕ್ಕ ಐದು ದಿನಗಳನ್ನು ಕೊನೆಯಲ್ಲಿ ಒಂದು ಪುಟ್ಟ ತಿಂಗಳು ಮಾಡಿ ಇಟ್ಟಿದ್ದಾರೆ. ಅದರ ಹೆಸರು ಪಾಗುಮೆ. ನಾಲ್ಕು ವರ್ಷಕ್ಕೊಮ್ಮೆ ಪಾಗುಮೆಗೆ ಆರು ದಿನ.

ಅಂದರೆ ವರ್ಷಕ್ಕೆ ಅವರಿಗೂ 365 ಅಥವಾ 366 ದಿನ, ನಮಗೂ ಅಷ್ಟೇ. ಹದಿಮೂರು ತಿಂಗಳು ಅಂದ ತಕ್ಷಣ ವರ್ಷವೇ ಜಾಸ್ತಿ ಉದ್ದ ಅಂದುಕೊಳ್ಳುತ್ತೇವೆ. ವರ್ಷ ಉದ್ದ ಇದ್ದರೆ ನಿಧಾನವಾಗಿ ಹಿಂದೆ ಬೀಳುತ್ತಾರೆ ಅಂತಲೂ ಅನಿಸುತ್ತದೆ. ಆದರೆ ಉದ್ದ ಒಂದೇ ಆದ್ದರಿಂದ ಹಿಂದೆ ಬೀಳುವ ಮಾತೇ ಬರುವುದಿಲ್ಲ. ಐವತ್ತು ವರ್ಷದ ಹಿಂದೆಯೂ ವ್ಯತ್ಯಾಸ ಏಳೆಂಟು ವರ್ಷವೇ ಇತ್ತು, ಇವತ್ತೂ ಅಷ್ಟೇ ಇದೆ.

ನಮ್ಮ ಪಂಚಾಂಗ ನೋಡಿ ಗೊತ್ತಿರುವವರಿಗೆ ಹದಿಮೂರನೇ ತಿಂಗಳು ಅಂದರೆ ಅಧಿಕ ಮಾಸ ನೆನಪಾಗುತ್ತದೆ. ಅದು ಬೇರೆ ಲೆಕ್ಕ. ನಮ್ಮ ಚಾಂದ್ರಮಾನದಲ್ಲಿ ಹನ್ನೆರಡು ತಿಂಗಳಿಗೆ ಸುಮಾರು 354 ದಿನ ಆಗುತ್ತದೆ, ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಸಾಲದೇ ಬರುತ್ತದೆ. ಆ ಕೊರತೆ ಒಂದು ತಿಂಗಳಷ್ಟು ಕೂಡಿದಾಗ, ಅಂದರೆ ಮೂರು ವರ್ಷಕ್ಕೆ ಸ್ವಲ್ಪ ಮೊದಲೇ, ಒಂದು ಪೂರ್ತಿ ತಿಂಗಳು ಸೇರಿಸುತ್ತಾರೆ. 2023ರಲ್ಲಿ ಅಧಿಕ ಶ್ರಾವಣ ಬಂದಿದ್ದು ಹಾಗೆ. ಪಾಗುಮೆ ಹಾಗಲ್ಲ. ಅದು ಪ್ರತಿ ವರ್ಷವೂ ಇರುತ್ತದೆ, ಅದಕ್ಕೂ ಚಂದ್ರನಿಗೂ ಸಂಬಂಧ ಇಲ್ಲ.

## ಈ ಲೆಕ್ಕ ಈಜಿಪ್ಟಿನದು

ಮೂವತ್ತರ ಹನ್ನೆರಡು ತಿಂಗಳು ಮತ್ತು ಕೊನೆಗೆ ಐದು ದಿನ, ಇದು ಫೇರೋಗಳ ಕಾಲದ ಈಜಿಪ್ಟಿನ ಏರ್ಪಾಡು. ನೈಲ್ ನದಿಯ ನೆರೆ, ಬಿತ್ತನೆ ಮತ್ತು ಬೆಳೆ, ಕೊಯ್ಲು ಮತ್ತು ಬೇಸಿಗೆ ಅಂತ ಅವರಿಗೆ ಮೂರು ಕಾಲ. ಒಂದೊಂದಕ್ಕೂ ನಾಲ್ಕು ತಿಂಗಳು. ಕೊನೆಯ ಐದು ದಿನಗಳನ್ನು ಒಸೈರಿಸ್, ಹೋರಸ್, ಸೆತ್, ಐಸಿಸ್, ನೆಫ್ತಿಸ್ ಎಂಬ ಐದು ದೇವತೆಗಳು ಹುಟ್ಟಿದ ದಿನ ಅನ್ನುತ್ತಿದ್ದರು.

ಆದರೆ ಆ ಹಳೆಯ ಕ್ಯಾಲೆಂಡರಿನಲ್ಲಿ ಒಂದು ದೋಷ ಇತ್ತು. ವರ್ಷಕ್ಕೆ 365 ದಿನ ಅಷ್ಟೇ, ಆ ಮಿಕ್ಕ ಕಾಲು ದಿನಕ್ಕೆ ಲೆಕ್ಕವೇ ಇರಲಿಲ್ಲ. ನಾಲ್ಕು ವರ್ಷಕ್ಕೆ ಒಂದು ದಿನ ಜಾರುತ್ತದೆ, ನೂರಿಪ್ಪತ್ತು ವರ್ಷಕ್ಕೆ ಒಂದು ತಿಂಗಳು. ಹೀಗೆ ಜಾರಿ ಜಾರಿ ಒಂದು ಕಾಲದಲ್ಲಿ "ನೆರೆಯ ತಿಂಗಳು" ಬಂದಾಗ ಹೊಲದಲ್ಲಿ ಕೊಯ್ಲು ನಡೆಯುತ್ತಿರುತ್ತದೆ. ಕ್ರಿಸ್ತಪೂರ್ವ 238ರಲ್ಲಿ ಮೂರನೇ ಟಾಲೆಮಿ ರಾಜನ ಕಾಲದಲ್ಲಿ ಪುರೋಹಿತರು ಸಭೆ ಸೇರಿ, ನಾಲ್ಕು ವರ್ಷಕ್ಕೊಮ್ಮೆ ಆರನೇ ದಿನ ಸೇರಿಸಬೇಕು ಅಂತ ತೀರ್ಮಾನ ಮಾಡಿದರು. ಅದನ್ನು ಕಲ್ಲಿನಲ್ಲೂ ಕೆತ್ತಿಸಿದರು, ಆ ಕಲ್ಲು ಇವತ್ತಿಗೂ ಇದೆ. ಆದರೆ ಬಳಕೆಗೆ ಬರಲಿಲ್ಲ. ಇನ್ನೂರು ವರ್ಷ ಕಳೆದು, ಈಜಿಪ್ಟು ರೋಮಿನ ಕೈಗೆ ಹೋದ ಮೇಲೆ, ಅಗಸ್ಟಸ್‌ನ ಕಾಲದಲ್ಲಿ ಆರನೇ ದಿನ ನಿಂತಿತು.

ಆವತ್ತಿನಿಂದ ಈ ಕ್ಯಾಲೆಂಡರು ಜೂಲಿಯಸ್ ಸೀಸರನ ರೋಮನ್ ಕ್ಯಾಲೆಂಡರಿಗೆ ಜೋಡಿಯಾಗಿ ಓಡಲು ಶುರುಮಾಡಿತು. ಈಜಿಪ್ಟಿನ ಹೊಸ ವರ್ಷದ ದಿನ ರೋಮಿನ ಆಗಸ್ಟ್ 29. ಆರನೇ ದಿನ ಸೇರಿದ ವರ್ಷ ಮುಗಿದ ಮೇಲೆ ಮಾತ್ರ ಆಗಸ್ಟ್ 30.

ಮತ್ತೆ ಈಗ ಸೆಪ್ಟೆಂಬರ್ 11 ಹೇಗೆ? 1582ರಲ್ಲಿ ಪೋಪ್ ಗ್ರೆಗೊರಿ ಜೂಲಿಯನ್ ಕ್ಯಾಲೆಂಡರನ್ನು ತಿದ್ದಿ ಹತ್ತು ದಿನ ಹಾರಿಸಿದರು. ನಾನೂರರಿಂದ ಭಾಗ ಆಗದ ಶತಮಾನದ ವರ್ಷಗಳಿಗೆ ಫೆಬ್ರವರಿ 29 ಬೇಡ ಅಂತ ಹೊಸ ನಿಯಮವನ್ನೂ ತಂದರು. ನಮ್ಮ ಗೋಡೆಯ ಮೇಲಿರುವುದು ಈ ತಿದ್ದಿದ ಕ್ಯಾಲೆಂಡರು. ಈಜಿಪ್ಟಿನ ಕಾಪ್ಟಿಕ್ ಚರ್ಚು, ಇಥಿಯೋಪಿಯದ ಚರ್ಚು ಈ ತಿದ್ದುಪಡಿಯನ್ನು ಒಪ್ಪಿಕೊಳ್ಳಲಿಲ್ಲ. ಹಾಗಾಗಿ ಎರಡರ ನಡುವೆ ಈಗ 13 ದಿನದ ಅಂತರ ಆಗಿದೆ. ಆಗಸ್ಟ್ 29ಕ್ಕೆ 13 ಸೇರಿಸಿ, ಸೆಪ್ಟೆಂಬರ್ 11 ಬರುತ್ತದೆ.

## ಇಸವಿ: ಎಲ್ಲಿಂದ ಎಣಿಸಬೇಕು?

ಈಗ ಎರಡನೇ ವಿಷಯ. ಹೆದ್ದಾರಿಯಲ್ಲಿ ತಿಪಟೂರಿನ ಹತ್ತಿರ ನಿಂತು ನೋಡಿದರೆ ಬೆಂಗಳೂರಿನಿಂದ ಇಷ್ಟು ಕಿಲೋಮೀಟರ್ ಅಂತ ಒಂದು ಲೆಕ್ಕ, ಶಿವಮೊಗ್ಗದಿಂದ ಇಷ್ಟು ಅಂತ ಇನ್ನೊಂದು ಲೆಕ್ಕ. ಸಂಖ್ಯೆ ಬೇರೆ, ನಿಂತ ಜಾಗ ಒಂದೇ. ಇಸವಿ ಅಂದರೂ ಇಷ್ಟೇ, ಯಾವುದೋ ಒಂದು ಘಟನೆಯಿಂದ ಎಷ್ಟು ವರ್ಷ ಆಯಿತು ಅನ್ನುವ ಎಣಿಕೆ.

ವಿಚಿತ್ರ ಅಂದರೆ, ಇಥಿಯೋಪಿಯದವರೂ ನಾವು ಬಳಸುವ ಇಸವಿಯೂ ಎಣಿಸುವುದು ಒಂದೇ ಘಟನೆಯಿಂದ: ಯೇಸು ಕ್ರಿಸ್ತನ ಅವತಾರ. ಆದರೂ ಸಂಖ್ಯೆ ಬೇರೆ. ಯಾಕೆಂದರೆ ಆ ಘಟನೆ ಯಾವ ವರ್ಷ ನಡೆಯಿತು ಅಂತ ಆ ಕಾಲದಲ್ಲಿ ಯಾರೂ ಬರೆದಿಡಲಿಲ್ಲ. ನೂರಾರು ವರ್ಷ ಆದ ಮೇಲೆ ಬೇರೆ ಬೇರೆ ಊರಿನ ಸನ್ಯಾಸಿಗಳು ಕೂತು ಹಿಂದಕ್ಕೆ ಲೆಕ್ಕ ಹಾಕಿದರು.

ಒಬ್ಬರು ಅಲೆಕ್ಸಾಂಡ್ರಿಯದ ಅನ್ನಿಯಾನಸ್. ಸುಮಾರು ಕ್ರಿ.ಶ. 400ರ ಹೊತ್ತಿನವರು. ಅವರು ಬೈಬಲ್ಲಿನ ವಂಶಾವಳಿಗಳನ್ನು ಕೂಡಿಸಿ, ಈಸ್ಟರ್ ಹಬ್ಬದ ಚಂದ್ರನ ಚಕ್ರಗಳ ಜೊತೆ ಹೊಂದಿಸಿ, ಸೃಷ್ಟಿಯಾಗಿ 5,500 ವರ್ಷ ತುಂಬಿದ ಮೇಲೆ ಕ್ರಿಸ್ತನ ಅವತಾರ ಆಯಿತು ಅಂತ ನಿಲ್ಲಿಸಿದರು. ಆ ಲೆಕ್ಕದ ಪ್ರಕಾರ ಅದು ನಮ್ಮ ಎಣಿಕೆಯ ಕ್ರಿ.ಶ. 9ರ ಮಾರ್ಚ್ 25. ಅದು ಬೀಳುವ ಅಲೆಕ್ಸಾಂಡ್ರಿಯದ ವರ್ಷ ಶುರುವಾಗಿದ್ದು ಕ್ರಿ.ಶ. 8ರ ಆಗಸ್ಟ್ 29ಕ್ಕೆ. ಅದೇ ಇಥಿಯೋಪಿಯದ ಒಂದನೇ ವರ್ಷ.

ಇನ್ನೊಬ್ಬರು ರೋಮಿನಲ್ಲಿದ್ದ ಡಯೋನಿಸಿಯಸ್ ಎಕ್ಸಿಗುಯಸ್. ಕ್ರಿ.ಶ. 525ರಲ್ಲಿ ಅವರು ಬೇರೊಂದು ಲೆಕ್ಕ ಹಾಕಿದರು, ಅವರ ಎಣಿಕೆ ಪಶ್ಚಿಮ ಯುರೋಪಿನಲ್ಲಿ ಹಬ್ಬಿತು. ಯುರೋಪಿನವರ ಜೊತೆ ಹಡಗು ಹತ್ತಿ ನಮ್ಮ ಕಚೇರಿಗಳಿಗೂ ಬಂತು. ನಾವು ಬರೆಯುವ 2025 ಆ ಸನ್ಯಾಸಿಯ ಲೆಕ್ಕ. ಇವರಲ್ಲಿ ಯಾರು ಸರಿ ಅಂತ ಕೇಳಿದರೆ, ಇಬ್ಬರೂ ಅಲ್ಲ ಅನ್ನುವ ಇತಿಹಾಸಕಾರರೇ ಹೆಚ್ಚು. ಯೇಸು ಹುಟ್ಟಿದಾಗ ರಾಜನಾಗಿದ್ದ ಹೆರೋದ ತೀರಿಕೊಂಡಿದ್ದು ಕ್ರಿಸ್ತಪೂರ್ವ 4ರ ಸುಮಾರಿಗೆ ಅಂತ ಅವರಲ್ಲಿ ಬಹುಪಾಲು ಜನರ ಅಭಿಪ್ರಾಯ. ಹಾಗಾಗಿ ಇಥಿಯೋಪಿಯ "ಹಿಂದಿದೆ" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಎರಡೂ ಲೆಕ್ಕಗಳೇ, ಒಂದು ಹೆಚ್ಚು ಕಡೆ ಹರಡಿತು ಅಷ್ಟೇ.

ಅಲೆಕ್ಸಾಂಡ್ರಿಯದ ಲೆಕ್ಕ ಇಥಿಯೋಪಿಯಕ್ಕೆ ಹೋಗಿದ್ದು ಚರ್ಚಿನ ಮೂಲಕ. ನಾಲ್ಕನೇ ಶತಮಾನದಲ್ಲಿ ಅಲ್ಲಿನ ಮೊದಲ ಬಿಷಪ್ ಫ್ರುಮೆಂಟಿಯಸ್ ಅವರಿಗೆ ದೀಕ್ಷೆ ಕೊಟ್ಟವರು ಅಲೆಕ್ಸಾಂಡ್ರಿಯದ ಅಥನೇಸಿಯಸ್. ಆಮೇಲೆ 1959ರವರೆಗೂ ಇಥಿಯೋಪಿಯದ ಚರ್ಚು ಅಲೆಕ್ಸಾಂಡ್ರಿಯದ ಅಧೀನದಲ್ಲೇ ಇತ್ತು.

## ಅದೇ ತಿಂಗಳು, ಆದರೆ 1742

ಹದಿಮೂರನೇ ತಿಂಗಳಿಂದ ಇಸವಿ ಹಿಂದೆ ಬೀಳುವುದಿಲ್ಲ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರ ಕ್ಯಾಲೆಂಡರು. ತಿಂಗಳ ಹೆಸರು ಬೇರೆ, ಆದರೆ ಅದೇ ಹನ್ನೆರಡು ಮೂವತ್ತು, ಅದೇ ಐದಾರು ದಿನದ ಕೊನೆ ತಿಂಗಳು, ಅದೇ ದಿನ ಹೊಸ ವರ್ಷ. ಇಥಿಯೋಪಿಯದಲ್ಲಿ ಮೆಸ್ಕೆರೆಮ್ 1 ಆದ ದಿನವೇ ಕಾಪ್ಟಿಕ್ಕರಿಗೆ ತೂತ್ 1. ಒಂದು ದಿನವೂ ಆಚೀಚೆ ಇಲ್ಲ. ಆದರೆ 2025ರ ಸೆಪ್ಟೆಂಬರ್ 11ರಂದು ಇಥಿಯೋಪಿಯದಲ್ಲಿ 2018 ಶುರುವಾದಾಗ ಕಾಪ್ಟಿಕ್ಕರಿಗೆ ಶುರುವಾಗಿದ್ದು 1742!

ಅವರು ಎಣಿಸುವುದು ಕ್ರಿ.ಶ. 284ರಿಂದ. ಆ ವರ್ಷ ಡಯೋಕ್ಲೀಶಿಯನ್ ರೋಮಿನ ಚಕ್ರವರ್ತಿಯಾದ. ಮೊದಲು ಅದು ಸುಮ್ನೆ ರಾಜನ ಆಳ್ವಿಕೆಯ ವರ್ಷದ ಲೆಕ್ಕ, ಆಗ ಎಲ್ಲೆಡೆ ಇದ್ದ ರೂಢಿ. ಆದರೆ 303ರಿಂದ ಅವನ ಆಜ್ಞೆಯ ಮೇಲೆ ಕ್ರೈಸ್ತರ ಮೇಲೆ ಭಾರಿ ಹಿಂಸೆ ನಡೆಯಿತು, ಈಜಿಪ್ಟಿನಲ್ಲಿ ಬಹಳ ಜನ ಸತ್ತರು. ಆ ಚರ್ಚು ಎಣಿಕೆಯನ್ನು ಬಿಡಲಿಲ್ಲ, ಅದನ್ನು ಹುತಾತ್ಮರ ಶಕೆ ಅಂತ ಕರೆಯಿತು. ರೋಮಿನ ಡಯೋನಿಸಿಯಸ್ ಮಾಡಿದ್ದು ಇದಕ್ಕೆ ತದ್ವಿರುದ್ಧ: ಹಿಂಸೆ ಕೊಟ್ಟವನ ಹೆಸರಿನಲ್ಲಿ ವರ್ಷ ಎಣಿಸುವುದು ಬೇಡ ಅಂತಲೇ ಅವರು ಕ್ರಿಸ್ತನಿಂದ ಎಣಿಸಲು ಹೊರಟಿದ್ದು. ಒಬ್ಬನೇ ರಾಜನ ನೆನಪಿಗೆ ಎರಡು ಊರುಗಳು ಕೊಟ್ಟ ಎರಡು ಉತ್ತರ ಇವು, ನನಗಂತೂ ಈ ಇಡೀ ಕಥೆಯಲ್ಲಿ ಮನಸ್ಸಿಗೆ ಹೆಚ್ಚು ತಟ್ಟುವ ಭಾಗ ಇದು.

284ರಿಂದ 8 ಕಳೆದರೆ 276. ಆದ್ದರಿಂದ ಇಥಿಯೋಪಿಯದ ಇಸವಿಯಿಂದ 276 ಕಳೆದರೆ ಯಾವತ್ತೂ ಕಾಪ್ಟಿಕ್ ಇಸವಿ ಸಿಗುತ್ತದೆ. ಇಥಿಯೋಪಿಯದ ಚರ್ಚಿನವರು ಇನ್ನೊಂದು ದೊಡ್ಡ ಸಂಖ್ಯೆಯನ್ನೂ ಇಟ್ಟುಕೊಂಡಿದ್ದಾರೆ. ಇಸವಿಗೆ ಆ 5,500 ಕೂಡಿಸಿ ಸೃಷ್ಟಿಯಿಂದ ಎಷ್ಟನೇ ವರ್ಷ ಅಂತ ಹೇಳುವುದು. 2018 ಅಂದರೆ ಸೃಷ್ಟಿಯ 7518ನೇ ವರ್ಷ. ಅದನ್ನು ನಾಲ್ಕರಿಂದ ಭಾಗಿಸಿ, ಶೇಷ ನೋಡಿ, ವರ್ಷಕ್ಕೆ ಬೈಬಲ್ಲಿನ ಸುವಾರ್ತೆ ಬರೆದ ನಾಲ್ವರಲ್ಲಿ ಒಬ್ಬರ ಹೆಸರು ಇಡುತ್ತಾರೆ: ಒಂದು ಉಳಿದರೆ ಮತ್ತಾಯನ ವರ್ಷ, ಎರಡು ಉಳಿದರೆ ಮಾರ್ಕನದು, ಮೂರು ಉಳಿದರೆ ಲೂಕನದು, ಏನೂ ಉಳಿಯದಿದ್ದರೆ ಯೋಹಾನನದು. ಪಾಗುಮೆಗೆ ಆರು ದಿನ ಬರುವುದು ಲೂಕನ ವರ್ಷದಲ್ಲಿ. ಮುಂದೆ ತಾರೀಕು ಬದಲಿಸುವಾಗ ಇದು ಬೇಕಾಗುತ್ತದೆ, ನೆನಪಿಡಿ. (5,500 ನಾಲ್ಕರಿಂದ ಸರಿಯಾಗಿ ಭಾಗ ಆಗುವುದರಿಂದ, 2018ನ್ನೇ ನೇರವಾಗಿ ಭಾಗಿಸಿದರೂ ಶೇಷ ಅದೇ.)

ಮೂವತ್ತರ ಹನ್ನೆರಡು, ಮೇಲೆ ಐದು ಅನ್ನುವ ಲೆಕ್ಕ ನಮ್ಮ ದೇಶದಲ್ಲೂ ಇದೆ. ಪಾರ್ಸಿಗಳ ಕ್ಯಾಲೆಂಡರಿನ ಕೊನೆಯ ಐದು ದಿನಗಳು ಗಾಥಾ ದಿನಗಳು. ಅವರ ವರ್ಷ ಎಣಿಸುವುದು ಪರ್ಷಿಯದ ಕೊನೆಯ ಸಸಾನಿಯನ್ ರಾಜ ಮೂರನೇ ಯಾಜ್ದೆಗರ್ದ್ ಪಟ್ಟಕ್ಕೆ ಬಂದ ಕ್ರಿ.ಶ. 632ರಿಂದ. ಬಹುಪಾಲು ಪಾರ್ಸಿಗಳು ಅನುಸರಿಸುವ ಶಹನ್‌ಶಾಹಿ ಲೆಕ್ಕದಲ್ಲಿ ಆರನೇ ದಿನ ಇಲ್ಲ, ಹಾಗಾಗಿ ಹಳೆಯ ಈಜಿಪ್ಟಿನಲ್ಲಿ ಆದಂತೆ ಅವರ ಹೊಸ ವರ್ಷ ನಾಲ್ಕು ವರ್ಷಕ್ಕೆ ಒಂದು ದಿನ ಹಿಂದಕ್ಕೆ ಸರಿಯುತ್ತಲೇ ಇದೆ. 2025ರಲ್ಲಿ ಅದು ಆಗಸ್ಟ್ 15ಕ್ಕೆ ಬಂತು, 1395ನೇ ವರ್ಷ ಶುರುವಾಯಿತು.

## ಒಂದು ತಾರೀಕನ್ನು ಬದಲಿಸಿ ನೋಡೋಣ

ಇಥಿಯೋಪಿಯದವರ ಜನ್ಮ ಪ್ರಮಾಣಪತ್ರ ನಿಮ್ಮ ಕೈಗೆ ಬಂದಿದೆ ಅಂದುಕೊಳ್ಳಿ. ಅದರಲ್ಲಿ ತಾಹ್ಸಾಸ್ 15, 1990 ಅಂತಿದೆ. ನಮ್ಮ ಲೆಕ್ಕದಲ್ಲಿ ಯಾವತ್ತು?

ಮೊದಲು ಆ ವರ್ಷದ ಮೊದಲ ದಿನ ಹುಡುಕಬೇಕು. ಇಸವಿಗೆ 7 ಕೂಡಿಸಿದರೆ ಹೊಸ ವರ್ಷ ಬಿದ್ದ ನಮ್ಮ ಇಸವಿ ಸಿಗುತ್ತದೆ, ಇಲ್ಲಿ 1997. ದಿನ ಸಾಮಾನ್ಯವಾಗಿ ಸೆಪ್ಟೆಂಬರ್ 11. ಆದರೆ ಹಿಂದಿನ ವರ್ಷ ಲೂಕನದಾಗಿದ್ದರೆ ಪಾಗುಮೆ ಒಂದು ದಿನ ಜಾಸ್ತಿ ತಿಂದಿರುತ್ತದೆ, ಆಗ ಸೆಪ್ಟೆಂಬರ್ 12. ಅಂದರೆ ಇಸವಿ ನಾಲ್ಕರಿಂದ ಪೂರ್ತಿ ಭಾಗ ಆದರೆ 12, ಇಲ್ಲದಿದ್ದರೆ 11. 1990ನ್ನು ಭಾಗಿಸಿದರೆ ಎರಡು ಉಳಿಯುತ್ತದೆ. ಹಾಗಾಗಿ ಮೆಸ್ಕೆರೆಮ್ 1, 1990 ಅಂದರೆ 1997ರ ಸೆಪ್ಟೆಂಬರ್ 11.

ತಾಹ್ಸಾಸ್ ನಾಲ್ಕನೇ ತಿಂಗಳು. ಅದಕ್ಕಿಂತ ಮುಂಚೆ ಮೂರು ತಿಂಗಳು ಮುಗಿದಿವೆ, ಅಂದರೆ 90 ದಿನ. ತಾಹ್ಸಾಸ್ 1ರಿಂದ 15ಕ್ಕೆ ಇನ್ನೂ 14. ಒಟ್ಟು 104. ಸೆಪ್ಟೆಂಬರ್ 11ರಿಂದ 104 ದಿನ ಮುಂದೆ ಹೋದರೆ ಡಿಸೆಂಬರ್ 24, 1997. ಸರಿ ಬಂತಾ ಅಂತ ನೋಡಲು ಒಂದು ದಾರಿ ಇದೆ. ಇಥಿಯೋಪಿಯದ ಕ್ರಿಸ್ಮಸ್, ಅಂದರೆ ಗೆನ್ನಾ, ಸಾಮಾನ್ಯವಾಗಿ ತಾಹ್ಸಾಸ್ 29ಕ್ಕೆ ಬರುತ್ತದೆ, ನಮ್ಮ ಲೆಕ್ಕದಲ್ಲಿ ಜನವರಿ 7. ಡಿಸೆಂಬರ್ 24ಕ್ಕೆ 14 ದಿನ ಕೂಡಿಸಿ ನೋಡಿ, ಜನವರಿ 7 ಬರುತ್ತದೆ.

ಅದೇ ವರ್ಷದ ಮುಂದಿನ ತಿಂಗಳು, ತಿರ್ 15, 1990 ಅಂತ ಇದ್ದಿದ್ದರೆ? ಮೂವತ್ತು ದಿನ ಮುಂದೆ, ಜನವರಿ 23, 1998. ಮೊದಲ ತಾರೀಕಿಗೆ ಏಳು ವರ್ಷದ ವ್ಯತ್ಯಾಸ ಇತ್ತು, ಇದಕ್ಕೆ ಎಂಟು. ಯಾಕೆಂದರೆ ಜನವರಿ 1ಕ್ಕೆ ನಮ್ಮ ಸಂಖ್ಯೆ ಬದಲಾಯಿತು, ಅವರದು ಬದಲಾಗಲು ಸೆಪ್ಟೆಂಬರ್ ಬರಬೇಕು. ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಏಳು, ಜನವರಿಯಿಂದ ಹೊಸ ವರ್ಷದ ಹಿಂದಿನ ದಿನದವರೆಗೆ ಎಂಟು. ನಮ್ಮ ಶಾಲಿವಾಹನ ಶಕೆಯಲ್ಲೂ ಇದೇ ಆಗುತ್ತದೆ ಅಲ್ವಾ? ಯುಗಾದಿ ಆದ ಮೇಲೆ ಇಸವಿಯಿಂದ 78 ಕಳೆಯುತ್ತೇವೆ, ಜನವರಿಯಿಂದ ಯುಗಾದಿವರೆಗೆ 79.

## ಎಲ್ಲಿ ಎಡವುತ್ತಾರೆ

ಎಲ್ಲಕ್ಕಿಂತ ಸಾಮಾನ್ಯ ತಪ್ಪು ಅಂದರೆ ತಿಂಗಳನ್ನೂ ದಿನವನ್ನೂ ಹಾಗೇ ಬಿಟ್ಟು ಇಸವಿಗೆ ಮಾತ್ರ ಏಳು ಕೂಡಿಸುವುದು. ತಾಹ್ಸಾಸ್ ನಾಲ್ಕನೇ ತಿಂಗಳು ಅಂತ 15/4/1997 ಬರೆದುಬಿಟ್ಟರೆ ಅದು ಏಪ್ರಿಲ್ 15 ಆಗುತ್ತದೆ. ನಿಜವಾದ ತಾರೀಕು ಅದಾಗಿ ಎಂಟು ತಿಂಗಳ ಮೇಲೆ ಇದೆ. ಪಾಸ್‌ಪೋರ್ಟಿನಲ್ಲಿ ಒಂದು, ಶಾಲೆಯ ಪತ್ರದಲ್ಲಿ ಇನ್ನೊಂದು ಹುಟ್ಟಿದ ದಿನ ಬರುವುದು ಇಂಥ ಕಡೆಯಿಂದಲೇ.

ಬರೀ ಅಂಕಿಗಳಲ್ಲಿ ಬರೆದ ತಾರೀಕು ಯಾವ ಕ್ಯಾಲೆಂಡರಿನದು ಅಂತ ಕೆಲವೊಮ್ಮೆ ನೋಡಿದ ಕೂಡಲೇ ಗೊತ್ತಾಗುತ್ತದೆ. 30/2 ಅಂತಿದ್ದರೆ ಅದು ನಮ್ಮದಲ್ಲ. ನಮ್ಮ ಫೆಬ್ರವರಿಗೆ 30 ಇಲ್ಲ, ಅವರ ಎರಡನೇ ತಿಂಗಳು ತಿಕಿಮ್ತ್‌ಗೆ ಇದೆ. ತಿಂಗಳ ಜಾಗದಲ್ಲಿ 13 ಇದ್ದರೆ ಅದು ಪಾಗುಮೆ. ದಿನದ ಜಾಗದಲ್ಲಿ 31 ಇದ್ದರೆ ಅದು ಖಂಡಿತ ಇಥಿಯೋಪಿಯದ್ದಲ್ಲ. ಪಾಗುಮೆಯಲ್ಲಿ ಹುಟ್ಟಿದವರಿಗೆ ನಮ್ಮ ಕಡೆಯ ಆನ್‌ಲೈನ್ ಫಾರಂಗಳಲ್ಲಿ ತೊಂದರೆ, ಯಾಕೆಂದರೆ ತಿಂಗಳ ಪಟ್ಟಿ ಹನ್ನೆರಡಕ್ಕೆ ಮುಗಿಯುತ್ತದೆ. ಅವರು ತಾರೀಕನ್ನು ಬದಲಿಸಿಯೇ ಹಾಕಬೇಕು, ಅದು ಸೆಪ್ಟೆಂಬರ್ 6ರಿಂದ 11ರ ಒಳಗೆ ಬೀಳುತ್ತದೆ.

ಲೂಕನ ವರ್ಷ ಮುಗಿದ ಮೇಲಿನ ಆರು ತಿಂಗಳಲ್ಲಿ ಒಂದು ದಿನದ ತಪ್ಪು ಸುಲಭವಾಗಿ ನುಸುಳುತ್ತದೆ. ಅವರ ಹೆಚ್ಚುವರಿ ದಿನ ಸೆಪ್ಟೆಂಬರಿನಲ್ಲಿ ಬಂದುಬಿಡುತ್ತದೆ, ನಮ್ಮದು ಮುಂದಿನ ಫೆಬ್ರವರಿ 29ಕ್ಕೆ. ಈ ನಡುವೆ ಎಲ್ಲ ತಾರೀಕುಗಳೂ ಒಂದು ದಿನ ಸರಿದಿರುತ್ತವೆ, ಫೆಬ್ರವರಿ 29 ಆದ ಮೇಲೆ ಮತ್ತೆ ಸಾಲಿಗೆ ಬರುತ್ತವೆ. ಇಥಿಯೋಪಿಯ ತನ್ನ 2000ನೇ ಇಸವಿಯನ್ನು ದೊಡ್ಡದಾಗಿ ಬರಮಾಡಿಕೊಂಡಿದ್ದು 2007ರಲ್ಲಿ. ಆಗ ಮೆಸ್ಕೆರೆಮ್ 1 ಬಿದ್ದದ್ದು ಸೆಪ್ಟೆಂಬರ್ 12ಕ್ಕೆ, 11ಕ್ಕಲ್ಲ.

## 1900ರ ಹಿಂದೆ, 2100ರ ಮುಂದೆ

ಮೇಲೆ ಹೇಳಿದ ಸೆಪ್ಟೆಂಬರ್ 11ರ ಲೆಕ್ಕ ಎಲ್ಲ ಕಾಲಕ್ಕೂ ನಡೆಯುವುದಿಲ್ಲ. 1900ರಲ್ಲಿ ನಮ್ಮ ಕ್ಯಾಲೆಂಡರಿಗೆ ಫೆಬ್ರವರಿ 29 ಇರಲಿಲ್ಲ, ಅವರು ತಮ್ಮ ಆರನೇ ದಿನವನ್ನು ಬಿಡಲಿಲ್ಲ. ಹಾಗಾಗಿ ಅಂತರ 12ರಿಂದ 13 ದಿನಕ್ಕೆ ಏರಿತು. ಅದಕ್ಕೂ ಹಿಂದಿನ ನೂರು ವರ್ಷದ ತಾರೀಕುಗಳಿಗೆ ಸೆಪ್ಟೆಂಬರ್ 10 ಅಥವಾ 11ರಿಂದ ಎಣಿಸಬೇಕು.

ಇದಕ್ಕೆ ಅಡ್ವಾ ಯುದ್ಧಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಎರಡನೇ ಮೆನೆಲಿಕ್ ಚಕ್ರವರ್ತಿಯ ಸೇನೆ ಇಟಲಿಯನ್ನು ಸೋಲಿಸಿದ ಆ ಯುದ್ಧ ನಡೆದದ್ದು ಅವರ ಯೆಕಾತಿತ್ 23, 1888ರಂದು. ನಮ್ಮ ಲೆಕ್ಕದಲ್ಲಿ ಅದು 1896ರ ಮಾರ್ಚ್ 1, ಇತಿಹಾಸದ ಪುಸ್ತಕಗಳಲ್ಲಿ ಇರುವುದೂ ಅದೇ. ಆದರೆ ಇವತ್ತು ಇಥಿಯೋಪಿಯದಲ್ಲಿ ಅಡ್ವಾ ವಿಜಯದ ರಜೆ ಮಾರ್ಚ್ 2ಕ್ಕೆ. ಅವರು ಹಬ್ಬದ ದಿನ ಬದಲಿಸಿಲ್ಲ, ಈಗಲೂ ಯೆಕಾತಿತ್ 23ಕ್ಕೇ ಆಚರಿಸುತ್ತಾರೆ. 1900ರಲ್ಲಿ ನಾವು ಒಂದು ದಿನ ಬಿಟ್ಟಿದ್ದರಿಂದ ಅದು ನಮ್ಮ ಕ್ಯಾಲೆಂಡರಿನಲ್ಲಿ ಮುಂದಕ್ಕೆ ಸರಿಯಿತು. 2100ರಲ್ಲೂ ನಮಗೆ ಫೆಬ್ರವರಿ 29 ಇಲ್ಲ. ಆ ವರ್ಷದಿಂದ ಅಡ್ವಾ ದಿನ ಮಾರ್ಚ್ 3ಕ್ಕೆ ಬರುತ್ತದೆ, ಹೊಸ ವರ್ಷ ಸಾಮಾನ್ಯವಾಗಿ ಸೆಪ್ಟೆಂಬರ್ 12ಕ್ಕೆ.